ಭಾನುವಾರ ಹತ್ತೂವರೆಗೆ ಬರ್ತೀವಿ

ಎನ್.ಆರ್. ಕಾಲೋನಿಯ ಹಳೆಯ ಮನೆಗಳಲ್ಲಿ ಹೆಣ್ಣು ನೋಡುವುದಕ್ಕೆ ಹೆಚ್ಚುಕಡಿಮೆ ಗೊತ್ತುಮಾಡಿಟ್ಟಂಥ ಒಂದು ಹೊತ್ತಿದೆ: ಭಾನುವಾರ ಬೆಳಿಗ್ಗೆ ಹತ್ತೂವರೆ. ಹಾಗೆಂದು ಯಾರೂ ಬರೆದಿಟ್ಟಿಲ್ಲ. ಆದರೂ ಮಲ್ಲೇಶ್ವರದಿಂದಲೋ ಚಾಮರಾಜಪೇಟೆಯಿಂದಲೋ ಗಂಡಿನ ಕಡೆಯವರು ಫೋನ್ ಮಾಡಿ ನಾಲ್ಕು ಮಾತಾಡುವಷ್ಟರಲ್ಲಿ ಎರಡೂ ಕಡೆಯವರು ಅದೇ ಗಂಟೆಗೆ ಬಂದು ನಿಲ್ಲುತ್ತಾರೆ. ಅದರ ಹಿಂದೆ ಸರ್ಕಾರಿ ರಜೆ, ಪಂಚಾಂಗ, ತಿಂಡಿ ಮತ್ತು ಒಂದಿಷ್ಟು ದಾಕ್ಷಿಣ್ಯ ಸೇರಿಕೊಂಡಿವೆ.

ಹಿಂದೆ ಇಂಥ ಹೊತ್ತು ಕೇಳುವ ಪ್ರಮೇಯವೇ ಇರಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಕಾಯಿದೆ ತಂದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಬೇಕಾಯಿತು ಎಂದರೆ ಆ ಕಾಲದ ಮದುವೆಗಳು ಹೇಗಿದ್ದವೆಂದು ಊಹಿಸಬಹುದು. ಹಿರಿಯರು ಜಾತಕ ನೋಡಿ, ಮನೆತನ ವಿಚಾರಿಸಿ ಮುಗಿಸಿಬಿಡುತ್ತಿದ್ದರು. ಮಗುವಿಗೆ ಯಾವ ದಿನ ಅನುಕೂಲ ಎಂದು ಕೇಳುವವರು ಯಾರು? ಬ್ರಿಟಿಷ್ ಇಂಡಿಯಾದಲ್ಲಿ 1930ರಿಂದ ಜಾರಿಯಾದ ಶಾರದಾ ಕಾಯಿದೆ ಹುಡುಗಿಗೆ ಹದಿನಾಲ್ಕು ಎಂದಿತು. 1978ರ ತಿದ್ದುಪಡಿ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ಎಂದಿತು. ಹುಡುಗಿ ಕಾಲೇಜಿಗೆ, ಆಮೇಲೆ ಬ್ಯಾಂಕಿಗೋ ಕಚೇರಿಗೋ ಹೋಗತೊಡಗಿದ ಮೇಲೆ ಅವಳ ಪರೀಕ್ಷೆ, ಅವಳ ರಜೆ ಲೆಕ್ಕಕ್ಕೆ ಬಂದವು. ಹುಡುಗನೂ ಜೊತೆಗೆ ಬಂದು ನೋಡುವುದು ರೂಢಿಯಾಯಿತು. ಎರಡೂ ಮನೆಯ ದುಡಿಯುವವರಿಗೆ ಒಟ್ಟಿಗೆ ಬಿಡುವಿದ್ದ ದಿನ ಭಾನುವಾರ ಒಂದೇ.

ದಿನವೇನೋ ಸಿಕ್ಕಿತು. ಹೊತ್ತು ಸಿಗಬೇಕಾದರೆ ಗೋಡೆಯ ಕ್ಯಾಲೆಂಡರ್ ನೋಡಬೇಕು. ಈ ಭಾಗದ ಮನೆಗಳಲ್ಲಿ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರೋ ಒಂಟಿಕೊಪ್ಪಲ್ ಪಂಚಾಂಗವೋ ಇದ್ದೇ ಇರುತ್ತದೆ. ಬಾಯಿಪಾಠದ ಲೆಕ್ಕದಂತೆ ಭಾನುವಾರ ಹನ್ನೆರಡರಿಂದ ಒಂದೂವರೆ ಯಮಗಂಡಕಾಲ, ಮೂರರಿಂದ ನಾಲ್ಕೂವರೆ ಗುಳಿಕಕಾಲ, ನಾಲ್ಕೂವರೆಯಿಂದ ಆರು ರಾಹುಕಾಲ. ಗುಳಿಕಕಾಲದಲ್ಲಿ ಮಾಡಿದ್ದು ಮರುಕಳಿಸುತ್ತದೆ ಎಂಬ ನಂಬಿಕೆಯೂ ಇದೆ. ಹೆಣ್ಣು ನೋಡುವ ಶಾಸ್ತ್ರ ಮರುಕಳಿಸುವುದು ಯಾರಿಗೆ ಬೇಕು? ನಡುವೆ ಉಳಿಯುವ ಒಂದೂವರೆಯಿಂದ ಮೂರು ಊಟದ, ನಿದ್ದೆಯ ಹೊತ್ತು. ಹೀಗೆ ಒಂದೊಂದೇ ಹೊಡೆದುಹಾಕುತ್ತ ಹೋದರೆ ಮಧ್ಯಾಹ್ನ ಹನ್ನೆರಡರೊಳಗಿನ ಹೊತ್ತು ಮಾತ್ರ ಪೂರ್ತಿ ಸ್ವಚ್ಛ.

ಅದರಲ್ಲೂ ಹತ್ತೂವರೆಯೇ ಏಕೆ? ಅಷ್ಟರಲ್ಲಿ ಸ್ನಾನ, ಪೂಜೆ ಮುಗಿದಿರುತ್ತದೆ. ಗಾಂಧಿ ಬಜಾರಿನಿಂದ ಹೂವು, ಹಣ್ಣು ತಂದಾಗಿರುತ್ತದೆ. ಮೊದಲ ಸಲ ಬಂದವರು ಊಟ ಮಾಡುವ ಪದ್ಧತಿ ಈ ಮನೆಗಳಲ್ಲಿಲ್ಲ. ಮಾತುಕತೆ ಕುದುರಿದ ಮೇಲೆಯೇ ಎಲೆ ಹಾಕುವುದು. ಹತ್ತೂವರೆಗೆ ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು, ಕಾಫಿ ಕೊಟ್ಟರೆ ಮರ್ಯಾದೆ ಸಲ್ಲುತ್ತದೆ. ಹನ್ನೆರಡಾಗುವ ಮುಂಚೆ ಅವರೂ "ಹೋಗಿ ಬರ್ತೀವಿ" ಎಂದು ಎದ್ದರೆ ಊಟಕ್ಕೆ ಏಳಿ ಎನ್ನುವ ಮುಜುಗರ ಎರಡೂ ಕಡೆಗಿಲ್ಲ.

ಸಂಜೆಯೇ ಆಗಬೇಕೆನ್ನುವವರು ಎಡವುವುದು ರಾಹುಕಾಲದ ಲೆಕ್ಕದಲ್ಲಿ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಭಾಗ ಮಾಡಿದರೆ ಭಾನುವಾರದ ರಾಹು ಕೊನೆಯ ಭಾಗ. ನಾಲ್ಕೂವರೆಯಿಂದ ಆರು ಎಂಬುದು ಬೆಳಗಿನ ಆರಕ್ಕೆ ಹುಟ್ಟಿ ಸಂಜೆ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ಬೆಂಗಳೂರಿನ ಸೂರ್ಯ ಹಾಗಿಲ್ಲ. ನಮ್ಮ ಗಡಿಯಾರ ಭಾರತೀಯ ಕಾಲಮಾನದ್ದು. ಊರಿನ ನಿಜವಾದ ಹೊತ್ತು ಅದಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹಿಂದೆ. ಮೇ ಮಧ್ಯಭಾಗದ ಒಂದು ಭಾನುವಾರ ತೆಗೆದುಕೊಳ್ಳಿ. ಸೂರ್ಯ ಹುಟ್ಟುವುದು ಸುಮಾರು 5.54ಕ್ಕೆ, ಮುಳುಗುವುದು 6.38ಕ್ಕೆ. ಹಗಲು 12 ಗಂಟೆ 44 ನಿಮಿಷ, ಎಂಟನೆಯ ಒಂದು ಭಾಗ ಸುಮಾರು 95 ನಿಮಿಷ. ಅಂದರೆ ಅಂದಿನ ರಾಹುಕಾಲ ಐದು ಗಂಟೆ ದಾಟಿದ ಮೇಲೆ ಶುರುವಾಗಿ 6.38ರವರೆಗೆ ಇರುತ್ತದೆ. ಬಾಯಿಪಾಠ ನೆಚ್ಚಿ "ಆರೂ ಕಾಲಿಗೆ ಬರ್ತೀವಿ, ರಾಹು ಕಳೆದಿರುತ್ತೆ" ಎಂದವರು ದಿನದ ಲೆಕ್ಕ ಹಾಕುವ ಅಜ್ಜಿಯ ಕಣ್ಣಿಗೆ ನಟ್ಟನಡು ರಾಹುಕಾಲದಲ್ಲಿ ಹೊಸ್ತಿಲು ದಾಟಿದವರು.

ಇನ್ನೊಂದು ತಕರಾರೂ ಇದೆ. ಗಂಡಿನ ಕಡೆಯವರಿಗೆ ಮುಖ್ಯ ಮನೆ ಬಿಡುವ ಗಳಿಗೆ. ಮಲ್ಲೇಶ್ವರದಲ್ಲಿ ನಾಲ್ಕೂ ಕಾಲಿಗೆ ಹೊರಟರೆ ಅವರ ಮಟ್ಟಿಗೆ ರಾಹುಕಾಲದ ದೋಷವಿಲ್ಲ. ಆದರೆ ಎನ್.ಆರ್. ಕಾಲೋನಿ ಮುಟ್ಟುವಾಗ ಐದಾಗಿರುತ್ತದೆ, ಹುಡುಗಿಯ ತಾಯಿಗೆ ಮುಖ್ಯ ಅವರು ಒಳಗೆ ಬರುವ ಗಳಿಗೆ. ಆದ್ದರಿಂದ ತಿಳಿದವರು ಫೋನಿನಲ್ಲೇ "ಹೊರಡೋದು ಎಷ್ಟಕ್ಕೆ, ಬರೋದು ಎಷ್ಟಕ್ಕೆ" ಎಂದು ಎರಡನ್ನೂ ಕೇಳಿಕೊಳ್ಳುತ್ತಾರೆ.

ಈ ಫೋನಿಗೂ ಒಂದು ಲಯವಿದೆ. ಜಾತಕ ಕೂಡಿಬಂದ ಸುದ್ದಿ ತಿಳಿದ ಮೇಲೆ ಹುಡುಗನ ತಂದೆಯೋ ಸೋದರಮಾವನೋ ಕರೆ ಮಾಡುತ್ತಾರೆ.

"ನಮಸ್ಕಾರ, ಮನೆಯಲ್ಲಿ ಎಲ್ಲ ಸೌಖ್ಯವೇ? ನಿಮಗೆ ಅನುಕೂಲವಾದರೆ ಒಂದು ಸಲ ಬಂದು ಹೋಗೋಣ ಅಂತ."

"ಧಾರಾಳವಾಗಿ ಬನ್ನಿ. ಮನೆಯಲ್ಲಿ ಒಂದು ಮಾತು ಕೇಳಿ ನಾಳೆ ತಿಳಿಸ್ತೀನಿ."

ಇದು ಜಂಬವಲ್ಲ, ತಡಮಾಡುವ ನೆವವೂ ಅಲ್ಲ. ಆ ಒಂದು ದಿನದಲ್ಲಿ ಕ್ಯಾಲೆಂಡರ್ ನೋಡಬೇಕು, ಅಮಾವಾಸ್ಯೆ ತಪ್ಪಿಸಬೇಕು, ಮಗಳನ್ನು ಕೇಳಬೇಕು. ಅವಳು ಮುಟ್ಟಾಗುವ ದಿನಗಳನ್ನು ಕೆಲವು ಮನೆಗಳಲ್ಲಿ ಇಂದಿಗೂ ಲೆಕ್ಕ ಹಾಕುತ್ತಾರೆ. ಅದನ್ನು ಗಂಡಿನ ಕಡೆಯವರಿಗೆ ಹೇಳುವಂತಿಲ್ಲ. ಮರುದಿನ ತಂದೆ "ಈ ವಾರ ಸ್ವಲ್ಪ ಅನುಕೂಲ ಇಲ್ಲ, ಮುಂದಿನ ಭಾನುವಾರ ಆಗಬಹುದೇ?" ಎನ್ನುತ್ತಾರೆ. ಆ ಕಡೆಯವರು ಏಕೆಂದು ಕೇಳುವುದಿಲ್ಲ. "ಅದಕ್ಕೇನಂತೆ, ಆಗಲಿ" ಎನ್ನುತ್ತಾರೆ. ಆಮೇಲೆ "ಎಷ್ಟು ಜನ ಬರ್ತೀರಿ?" ಎಂಬ ಪ್ರಶ್ನೆ. ಮೂವರು ಬರುವುದನ್ನು ಎರಡೂ ಕಡೆಯವರು ಇಷ್ಟಪಡುವುದಿಲ್ಲ. ತಂದೆ, ತಾಯಿ, ಮಗ ಹೊರಟರೆ ಅತ್ತೆಯೋ ಅಕ್ಕನೋ ಜೊತೆಯಾಗುತ್ತಾರೆ.

ಟೆಲಿಫೋನ್ ಅಪರೂಪವಾಗಿದ್ದ ಕಾಲದಲ್ಲಿ ಈ ನಿಧಾನ ತಾನಾಗಿಯೇ ಬರುತ್ತಿತ್ತು. "ಉಭಯ ಕುಶಲೋಪರಿ" ಎಂದು ಶುರುವಾಗುವ ಕಾಗದ ಹೋಗಿ, ಉತ್ತರ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು. ಆ ವಾರದಲ್ಲಿ ಮನಸ್ಸಿಲ್ಲದವರು "ಆಷಾಢ ಕಳೀಲಿ", "ಧನುರ್ಮಾಸ ಮುಗೀಲಿ" ಎಂದು ಬರೆದು ನೋವಾಗದಂತೆ ಹಿಂದೆ ಸರಿಯಬಹುದಿತ್ತು. ಪಂಚಾಂಗದ ದೊಡ್ಡ ಉಪಕಾರ ಇದೇ ಇರಬೇಕು: ಬೇಡ ಎನ್ನಬೇಕಾದಾಗ ಮನುಷ್ಯರ ಬದಲು ಕಾಲದ ಮೇಲೆ ಭಾರ ಹಾಕಲು ಅದು ಅವಕಾಶ ಕೊಡುತ್ತಿತ್ತು.

ಈಗ ವಾಟ್ಸ್ಯಾಪಿನಲ್ಲಿ ಜಾತಕ, ಫೋಟೋ, ಮನೆಯ ಲೊಕೇಶನ್ ಒಂದೇ ನಿಮಿಷದಲ್ಲಿ ಬರುತ್ತವೆ. ಹುಡುಗ ಹುಡುಗಿ ಮೊದಲೇ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿದು ಮಾತಾಡಿ ಬಂದಿರುವುದೂ ಉಂಟು. ಹತ್ತೂವರೆಯ ಭೇಟಿ ಆಗ ಹಿರಿಯರು ಪರಸ್ಪರ ನೋಡಿಕೊಳ್ಳುವ ಭೇಟಿ. ಅದರಿಂದ ಕೆಟ್ಟದ್ದೇನೂ ಆಗಿಲ್ಲ. ಕೆಟ್ಟಿರುವುದು ಉತ್ತರದ ವಿಷಯ. "ಮನೆಗೆ ಹೋಗಿ ತಿಳಿಸ್ತೀವಿ" ಎಂದು ಹೋದವರು ಸಂದೇಶ ನೋಡಿಯೂ ಸುಮ್ಮನಿದ್ದುಬಿಡುತ್ತಾರೆ. ಹುಡುಗಿಯ ಮನೆಯವರು ಆ ಮೌನವನ್ನು ವಾರಗಟ್ಟಲೆ ಅರ್ಥೈಸುತ್ತ ಕೂರುತ್ತಾರೆ.

ಗಂಡಿನ ಕಡೆಯವರಲ್ಲಿ ಒಂದು ಮಾತು. ಬರುವ ಹೊತ್ತನ್ನು ಎಷ್ಟು ನಿಧಾನವಾಗಿ ಬೇಕಾದರೂ ಗೊತ್ತುಮಾಡಿ. ಒಪ್ಪಿಗೆಯಾಗದಿದ್ದರೆ ಮಾತ್ರ ಮುಂದಿನ ಭಾನುವಾರದೊಳಗೆ ಫೋನ್ ಮಾಡಿ ಹೇಳಿಬಿಡಿ. ಆ ಕರೆಗೆ ರಾಹುಕಾಲ ನೋಡಬೇಕಿಲ್ಲ.