ಒಂದೇ ಗಾಳಿ, ಬೇರೆ ಬೇರೆ ಮರಳು

ಹೊಸಹಳ್ಳಿಯ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ಯಜಮಾನರು ಕೆಲವು ವರ್ಷ ರಾಜಸ್ಥಾನದ ಬಾರ್ಮೇರ್ ಕಡೆ, ಆಮೇಲೆ ಒಮಾನ್‌ನಲ್ಲಿ ಕೆಲಸ ಮಾಡಿದವರು. ಅವರು ತೀರಿಕೊಂಡ ಮೇಲೆ ಬೀರುವಿನಲ್ಲಿ ಬಿಸ್ಕತ್ ಡಬ್ಬಿ ತುಂಬ ಫೋಟೊ ಸಿಕ್ಕಿತು. ಹಿಂದೆ ಊರಿಲ್ಲ, ತಾರೀಖಿಲ್ಲ. “ಇದು ಬಾರ್ಮೇರೋ ಮಸ್ಕತ್ತೋ ನನಗೇನು ಗೊತ್ತಪ್ಪ? ಎರಡು ಕಡೆಯಿಂದಲೂ ಮರಳೇ ಬರ್ತಿತ್ತು. ನೀವು ನೋಡಿ ಹೇಳಿ, ಮೊಮ್ಮಗಳು ಆಲ್ಬಮ್ ಮಾಡ್ತಾಳಂತೆ” ಎಂದು ಅಜ್ಜಿ ಡಬ್ಬಿಯನ್ನೇ ನನ್ನ ಮುಂದಿಟ್ಟರು. ಆ ಮಧ್ಯಾಹ್ನದ ಉತ್ಸಾಹ ನನಗೆ ಇನ್ನೂ ಇಳಿದಿಲ್ಲ.

ಮೊದಲು ಕೈಬಿಡಬೇಕಾದದ್ದು ಬಣ್ಣವನ್ನು. ಮರಳು ಕೆಂಪಗಿದ್ದರೆ ಅರಬ್ಬರ ನಾಡು, ಹಳದಿಯಾಗಿದ್ದರೆ ರಾಜಸ್ಥಾನ ಎಂದು ನೋಡಿದವರೆಲ್ಲ ಹೇಳಿಬಿಡುತ್ತಾರೆ. ಹಳೇ ಕಲರ್ ಪ್ರಿಂಟುಗಳು ವರ್ಷ ಕಳೆದಂತೆ ತಾವೇ ಕೆಂಪಗಾಗುತ್ತವೆ. ಸಂಜೆ ಬಿಸಿಲು ಯಾವ ಮರಳನ್ನಾದರೂ ಕೇಸರಿ ಮಾಡುತ್ತದೆ. ಎರಡನೆಯದಾಗಿ ಮರವನ್ನೂ ನಂಬುವಂತಿಲ್ಲ. ಒಂದು ಫೋಟೊದಲ್ಲಿ ದಿಬ್ಬದ ಬುಡದಲ್ಲಿ ಸಣ್ಣೆಲೆಯ ಮರವೊಂದಿತ್ತು. ಅಜ್ಜಿ ಕೂಡಲೇ “ಇದು ಬನ್ನಿ ಅಲ್ವಾ?” ಎಂದರು. ಬನ್ನಿಯೇ. ವಿಜಯದಶಮಿಗೆ ನಾವು ಪೂಜಿಸುವ ಈ ಮರವನ್ನೇ ಥಾರ್‌ನವರು ಖೇಜ್ರಿ ಎನ್ನುತ್ತಾರೆ, ಒಮಾನ್‌ನವರು ಘಾಫ್ ಎನ್ನುತ್ತಾರೆ. ಎರಡೂ ಮರಳುಗಾಡಿನಲ್ಲಿ ಬೆಳೆಯುವ ಗಿಡ ಊರು ಹೇಳಲಾರದು.

ಊರು ಹೇಳುವುದು ದಿಬ್ಬದ ಆಕಾರ. ಮರಳುದಿಬ್ಬಕ್ಕೆ ಎರಡು ಮೈ. ಗಾಳಿ ಬರುವ ಕಡೆ ಇಳಿಜಾರು ನಿಧಾನ, ನಡೆದು ಹತ್ತಬಹುದು. ಗಾಳಿ ಹೋಗುವ ಕಡೆ ತುದಿಯಿಂದ ಉದುರಿದ ಮರಳು ಜಾರಿ ನಿಂತ ಕಡಿದಾದ ಮುಖ. ಒಣಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು, ಅದಕ್ಕೂ ಮೀರಿದರೆ ಜರಿಯುತ್ತದೆ. ಹಾಗಾಗಿ ದಿಕ್ಸೂಚಿ ಇಲ್ಲದೆಯೂ ಗಾಳಿ ಎತ್ತ ಹೋಗುತ್ತಿತ್ತೆಂದು ಫೋಟೊ ನೋಡಿಯೇ ಹೇಳಬಹುದು.

ಈಗ ನನಗೆ ಬಹಳ ಇಷ್ಟವಾದ ಸಂಗತಿ. ಅರ್ಧಚಂದ್ರದ ದಿಬ್ಬಗಳಲ್ಲಿ ಎರಡು ಜಾತಿ ಇವೆ, ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಬಾರ್ಖನ್ ಎಂಬುದು ಗಿಡ ಇಲ್ಲದ ಬಯಲಿನದು. ಅಲ್ಲಿ ನಡುವಿನ ರಾಶಿ ದೊಡ್ಡದು, ಅಂಚಿನದು ಚಿಕ್ಕದು. ಚಿಕ್ಕದು ಬೇಗ ಸಾಗುತ್ತದೆ, ಅಂಚುಗಳು ಗಾಳಿಯ ಜೊತೆ ಮುಂದೆ ಹೋಗಿ ಕೊಂಬಿನಂತೆ ಚಾಚಿಕೊಳ್ಳುತ್ತವೆ, ಕಡಿದಾದ ಮುಖ ಅರ್ಧಚಂದ್ರದ ಒಳಮಡಿಲಿಗೆ ಬರುತ್ತದೆ. ಪ್ಯಾರಾಬೋಲಿಕ್ ದಿಬ್ಬ ಇದರ ತಲೆಕೆಳಗು. ಅಲ್ಲಿ ಅಂಚುಗಳನ್ನು ಹುಲ್ಲು, ಪೊದೆ ಹಿಡಿದು ನಿಲ್ಲಿಸುತ್ತವೆ, ಬೋಳಾದ ನಡುಭಾಗವನ್ನು ಗಾಳಿ ಮುಂದಕ್ಕೆ ದೂಡುತ್ತದೆ. ತೋಳುಗಳು ಹಿಂದೆ ಉಳಿಯುತ್ತವೆ, ಮೂಗು ಮುಂದೆ ಹೋಗುತ್ತದೆ, ಕಡಿದಾದ ಮುಖ ಹೊರಬದಿಗೆ ಬರುತ್ತದೆ. ಅಂದರೆ ಕಡಿದಾದ ಮುಖ ಒಳಗಿದೆಯೋ ಹೊರಗಿದೆಯೋ ಎಂದು ನೋಡಿದರೆ ಸಾಕು, ಆ ಜಾಗದಲ್ಲಿ ಮಳೆ ಹುಲ್ಲು ಬೆಳೆಸುವಷ್ಟಾದರೂ ಬೀಳುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಥಾರ್ ಈ ಎರಡನೇ ಜಾತಿಯ ದೊಡ್ಡ ತವರು. ಅಲ್ಲಿ ಇಂಥ ದಿಬ್ಬಗಳು ಅಕ್ಕಪಕ್ಕ ಸೇರಿಕೊಂಡು ಮೂಗುಗಳು ಒಂದೇ ಸಾಲಾಗಿ, ತೋಳುಗಳು ಹಲ್ಲಿನಂತೆ ಹಿಂದಕ್ಕೆ ಉದ್ದವಾಗಿ ಬಿದ್ದಿರುತ್ತವೆ. ಉಪಗ್ರಹ ಚಿತ್ರದಲ್ಲಿ ಥೇಟ್ ಬಾಚಣಿಗೆ. ತೋಳುಗಳು ನೈಋತ್ಯಕ್ಕೆ, ಮೂಗು ಈಶಾನ್ಯಕ್ಕೆ. ಬಹಳಷ್ಟು ದಿಬ್ಬಗಳು ಹಿಂದಿನ ಒಣ ಕಾಲದಲ್ಲಿ ಎದ್ದವು, ಈಗ ನೆಲೆನಿಂತಿವೆ, ಅವುಗಳ ಮೈಮೇಲೆ ರೈತರು ಸಜ್ಜೆ ಬಿತ್ತುತ್ತಾರೆ.

ಡಬ್ಬಿಯ ಒಂದು ಫೋಟೊದಲ್ಲಿ ಇದೆಲ್ಲ ಇತ್ತು. ಯಜಮಾನರು ದಿಬ್ಬದ ನೆತ್ತಿಯಲ್ಲಿ ನಿಂತಿದ್ದಾರೆ. ಅವರ ಕಾಲ ಕೆಳಗಿನ ಕಡಿದಾದ ಮೈ ಉಬ್ಬಿದ ಹೊರಬದಿಗೆ ಇಳಿಯುತ್ತದೆ. ಹಿಂದೆ ಎಡಕ್ಕೂ ಬಲಕ್ಕೂ ಪೊದೆ ತುಂಬಿದ ತಗ್ಗು ಏಣುಗಳು ಸಾಗಿವೆ. ಭೂತಗನ್ನಡಿ ಹಿಡಿದಾಗ ಒಂದು ಏಣಿನ ಮೇಲೆ ಸಾಲುಸಾಲಾಗಿ ಕೂಳೆ ಕಂಡಿತು, ಕೊಯ್ದ ಬೆಳೆಯ ಕೂಳೆ. ಬಾರ್ಮೇರ್ ಎಂದು ಪೆನ್ಸಿಲ್‌ನಲ್ಲಿ ಹಿಂದೆ ಬರೆದೆ.

ಬನ್ನಿ ಮರದ ಫೋಟೊ ಒಮಾನ್‌ಗೆ ಹೋಯಿತು. ಅಲ್ಲಿ ಮರದ ಹಿಂದಿದ್ದದ್ದು ಅರ್ಧಚಂದ್ರ ಅಲ್ಲ, ಉದ್ದಕ್ಕೆ ಗೋಡೆಯಂತೆ ಹೋದ ಮರಳಿನ ಏಣು. ಅದರಾಚೆ ಅಗಲವಾದ ಚಪ್ಪಟೆ ಕಣಿವೆ, ಮತ್ತೆ ಅಂಥದೇ ಏಣು. ಒಮಾನ್‌ನ ವಾಹಿಬಾ ಮರಳಿನಲ್ಲಿ ಉತ್ತರ–ದಕ್ಷಿಣವಾಗಿ ಹೀಗೆ ಸಾಲುಗಳಿವೆ, ಕೆಲವು 100 ಮೀಟರ್‌ವರೆಗೆ ಎತ್ತರ. ಅಂಚಿನಲ್ಲಿ ಘಾಫ್ ಮರಗಳ ತೋಪೇ ಇದೆ.

ಜಲ್ಲಿ ಬಯಲಿನ ಫೋಟೊಕ್ಕೆ ಮರಳೇ ಬೇಕಾಗಲಿಲ್ಲ. ಇಂಥ ಬಯಲಿನಲ್ಲಿ ಕಲ್ಲುಗಳು ಹತ್ತಿರದ ಬೆಟ್ಟದಿಂದ ಹೊಳೆನೀರಿನಲ್ಲಿ ಉರುಳಿ ಬಂದವು, ಹಾಗಾಗಿ ಬೆಟ್ಟದ ಗುರುತು ಅವುಗಳ ಮೈಯಲ್ಲೇ ಇರುತ್ತದೆ. ಜೈಸಲ್ಮೇರ್ ಸುತ್ತ ಕಲ್ಲು ಹಳದಿ ಸುಣ್ಣಶಿಲೆ. ಬಾರ್ಮೇರ್ ಪಕ್ಕದ ಗುಡ್ಡಗಳು ಕೆಂಪು ಛಾಯೆಯ ರಯೊಲೈಟ್. ಈ ಫೋಟೊದಲ್ಲಿ ಕಲ್ಲುಗಳು ಕಡುಕಂದು, ಹಿಂದೆ ಹಸಿರೇ ಇಲ್ಲದ ಮೊನಚು ಬೆಟ್ಟಸಾಲು. ಒಮಾನ್‌ನ ಹಜರ್ ಬೆಟ್ಟಗಳ ದೊಡ್ಡ ಭಾಗ ಹಿಂದೆ ಸಮುದ್ರತಳವಾಗಿದ್ದ ಬಂಡೆ, ಭೂಮಿಯ ಒತ್ತಡಕ್ಕೆ ನೆಲದ ಮೇಲೆ ಬಂದು ಕೂತಿದೆ. ಗಾಳಿ ಬಿಸಿಲಿಗೆ ಅದು ಹೀಗೆ ಕಡುಕಂದಾಗುತ್ತದೆ. ಹಾಗಾಗಿ ಇದೂ ಒಮಾನ್‌ಗೇ ಹೋಯಿತು.

ಒಂಟೆಯ ಜೊತೆಗಿನ ಫೋಟೊ ಮಾತ್ರ ಎಲ್ಲಿಯದೆಂದು ಹೇಳಲಾಗಲಿಲ್ಲ. ಹಿಂದೆ ಬೋಳು ಅರ್ಧಚಂದ್ರ, ಕಡಿದಾದ ಮುಖ ಒಳಗೆ, ಬಾರ್ಖನ್ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಥಾರ್‌ನಲ್ಲೂ ಜೈಸಲ್ಮೇರ್‌ನ ಪಶ್ಚಿಮಕ್ಕೆ, ಮಳೆ ತೀರಾ ಕಡಿಮೆಯಾದಲ್ಲಿ ಬಾರ್ಖನ್‌ಗಳಿವೆ. ಪೊದೆ ಹಿಡಿದ ತೋಳು ಥಾರ್ ಕಡೆಗೆ ಬಲವಾಗಿ ಬೆರಳು ತೋರಿಸುತ್ತದೆ. ಬಾರ್ಖನ್ ಒಂದೇ ಕಂಡರೆ ಯಾವ ಮರಳುಗಾಡೂ ಆಗಬಹುದು.

ಥಾರ್‌ನ ಮರಳನ್ನು ಈಶಾನ್ಯಕ್ಕೆ ದೂಡಿದ್ದು ಬೇಸಿಗೆಯ ನೈಋತ್ಯ ಗಾಳಿ. ವಾಹಿಬಾದ ಏಣುಗಳ ಉದ್ದಕ್ಕೂ ಬೀಸುವುದು ಅದೇ ಮುಂಗಾರಿನ ಗಾಳಿಯ ಒಂದು ಕವಲು. ನಮ್ಮ ತಲಕಾಡಿನಲ್ಲೂ ಅದರದೇ ಕೈವಾಡ. ಮರಳುಗುಡ್ಡಗಳು ವರ್ಷಕ್ಕೆ 9–10 ಅಡಿ ಊರಿನ ಕಡೆ ಬರುತ್ತಿದ್ದವು, ಮುಖ್ಯವಾಗಿ ನೈಋತ್ಯ ಮುಂಗಾರಿನಲ್ಲಿ, ಜನ ಮನೆ ಬಿಟ್ಟು ಹಿಂದೆ ಸರಿಯುತ್ತಿದ್ದರು ಎಂದು ಬಿ.ಎಲ್. ರೈಸ್ ಕಾಲದ ಗೆಜೆಟಿಯರ್ ದಾಖಲಿಸಿದೆ. ಅಲಮೇಲಮ್ಮನ ಶಾಪದ ಕಥೆ ನನಗೆ ಪ್ರೀತಿಯದೇ, ಆದರೆ ಬೇಸಿಗೆಯಲ್ಲಿ ಕಾವೇರಿ ಇಳಿದು ತೆರೆದುಕೊಳ್ಳುವ ಮರಳಿನ ಪಾತ್ರವನ್ನೂ ಅದರ ಮೇಲೆ ಬೀಸುವ ಗಾಳಿಯನ್ನೂ ನೋಡಿದ ಮೇಲೆ ಶಾಪವನ್ನೇ ಕಾರಣ ಎನ್ನಲು ಮನಸ್ಸು ಬರುವುದಿಲ್ಲ. ಮಾಧವಮಂತ್ರಿ ಅಣೆಕಟ್ಟು ಹೊಳೆಯ ಹರಿವನ್ನು ಬದಲಿಸಿದ್ದೂ ಇದಕ್ಕೆ ಕಾರಣ ಎಂಬ ವಾದ ಇದೆ, ಅದು ನನಗೆ ಒಪ್ಪುವ ಮಾತು.

ಆದರೂ ತಲಕಾಡನ್ನು ಮರುಭೂಮಿ ಎನ್ನುವವರನ್ನು ನಾನು ಒಪ್ಪಲಾರೆ. ಅಲ್ಲಿನ ಮರಳನ್ನು ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿ. ಅಭ್ರಕದ ಚೂರುಗಳು ಮಿನುಗುತ್ತವೆ. ಅಭ್ರಕ ಮೆದು, ಸಾವಿರಾರು ವರ್ಷ ಗಾಳಿಯಲ್ಲಿ ಕಾಳು ಕಾಳಿಗೆ ಬಡಿದುಕೊಂಡರೆ ಪುಡಿಯಾಗಿ ಹಾರಿಹೋಗುತ್ತದೆ. ಅದು ಇನ್ನೂ ಉಳಿದಿದೆ ಎಂದರೆ ಮರಳು ಹೊಳೆಯಿಂದ ಎದ್ದು ಸ್ವಲ್ಪವೇ ದೂರ ಬಂದಿದೆ ಎಂದರ್ಥ. ಗುಡ್ಡಗಳ ಮೇಲೆ ಈಗ ಮರಗಳು ನಿಂತಿವೆ, ಆಕಾರ ಓದಬೇಕೆಂದರೆ ಹೊಳೆಯಂಚಿನ ಬೋಳು ಜಾಗಕ್ಕೇ ಹೋಗಬೇಕು, ಅದೂ ಮಳೆ ಹಿಡಿಯುವ ಮುಂಚೆ, ಗಾಳಿ ಜೋರಾಗಿರುವ ದಿನ.