ವಿದೇಶ ಪ್ರವಾಸದ ಅವಧಿಯಲ್ಲಿ ಮಗುವಿನ ಗೈರುಹಾಜರಿ: ಶಾಲೆಗೆ ಸಲ್ಲಿಸಬೇಕಾದ ಪತ್ರ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಅನೇಕ ಕುಟುಂಬಗಳ ಬಂಧುಗಳು ಉದ್ಯೋಗ ನಿಮಿತ್ತ ವಿದೇಶಗಳಲ್ಲಿ ನೆಲೆಸಿರುತ್ತಾರೆ. ಅವರ ಮನೆಯ ಬಾಣಂತನ, ಗೃಹಪ್ರವೇಶ ಮೊದಲಾದ ಕಾರಣಗಳಿಗಾಗಿ ಪೋಷಕರು ಶಾಲಾ ದಿನಗಳಲ್ಲಿಯೇ ಮಕ್ಕಳೊಂದಿಗೆ ಒಂದೆರಡು ತಿಂಗಳು ಪ್ರಯಾಣ ಬೆಳೆಸುವುದುಂಟು. ಇಂತಹ ಸಂದರ್ಭದಲ್ಲಿ ಶಾಲೆಗೆ ಲಿಖಿತ ಪತ್ರ ಸಲ್ಲಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಪತ್ರ ನೀಡಿದ ಮಾತ್ರಕ್ಕೆ ಹಾಜರಾತಿ ದೊರೆಯುವುದಿಲ್ಲ ಎಂಬುದನ್ನು ಪೋಷಕರು ಮೊದಲು ಗಮನಿಸತಕ್ಕದ್ದು. ಹಾಜರಿ ಪುಸ್ತಕದಲ್ಲಿ ಆ ದಿನಗಳು ಗೈರು ಎಂದೇ ದಾಖಲಾಗುತ್ತವೆ. ಆದರೆ ಗೈರಿನ ಕಾರಣ ಹಾಗೂ ಮರಳುವ ದಿನಾಂಕ ಶಾಲೆಗೆ ತಿಳಿದಿರುವುದರಿಂದ, ಮಗು ಶಾಲೆ ಬಿಟ್ಟಿದೆಯೆಂಬ ಸಂಶಯಕ್ಕೆ ಆಸ್ಪದವಿರುವುದಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಕೈಗೆತ್ತಿಕೊಂಡಿತ್ತು. ಕಾರಣ ತಿಳಿಯದ ದೀರ್ಘ ಗೈರನ್ನು ಶಾಲೆಗಳು ಲಘುವಾಗಿ ಪರಿಗಣಿಸುವಂತಿಲ್ಲ. ಶಿಕ್ಷಣ ಹಕ್ಕು ಅಧಿನಿಯಮ, 2009ರ 16ನೇ ಪ್ರಕರಣದಂತೆ, ಎಂಟನೇ ತರಗತಿಯವರೆಗಿನ ಶಿಕ್ಷಣ ಪೂರ್ಣಗೊಳ್ಳುವ ಮುನ್ನ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಆದುದರಿಂದ ಮರಳಿ ಅದೇ ಶಾಲೆಗೆ ಬರುವ ಮಗುವಿಗೆ ವರ್ಗಾವಣೆ ಪತ್ರ ಪಡೆಯುವ ಅಗತ್ಯವಿಲ್ಲ.

ಪತ್ರ ಬರೆಯುವ ಮುನ್ನ ದಿನಗಳ ಲೆಕ್ಕ ಮಾಡಿಕೊಳ್ಳುವುದು ಸೂಕ್ತ. ಉದಾಹರಣೆಗೆ, ಹೊಸನಗರ ತಾಲ್ಲೂಕಿನ ಒಂದು ಕುಟುಂಬವು ನವೆಂಬರ್ ಹಾಗೂ ಡಿಸೆಂಬರ್ ತಿಂಗಳುಗಳಲ್ಲಿ ಆರು ವಾರ ಪ್ರವಾಸ ಹೊರಡುವುದೆಂದು ಭಾವಿಸೋಣ. ಮಗಳು ಏಳನೇ ತರಗತಿ, ಮಗ ಹತ್ತನೇ ತರಗತಿ. ಶನಿವಾರವೂ ಶಾಲಾ ದಿನವಾದುದರಿಂದ ಆರು ವಾರಗಳಿಗೆ 36 ದಿನಗಳಾಗುತ್ತವೆ. ಎರಡು ಸಾರ್ವಜನಿಕ ರಜೆಗಳನ್ನು ಕಳೆದರೆ ಉಳಿಯುವುದು 34. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಶಾಲಾ ವಿದ್ಯಾರ್ಥಿಯಾಗಿ ಹಾಜರಾಗಲು ಶೇಕಡ 75ರಷ್ಟು ಹಾಜರಾತಿ ಬೇಕು. ವರ್ಷದಲ್ಲಿ 220 ದಿನ ಶಾಲೆ ನಡೆದಲ್ಲಿ 165 ದಿನ ಹಾಜರಿರಬೇಕು. ಗೈರಾಗಬಹುದಾದುದು 55 ದಿನ. ಪ್ರವಾಸಕ್ಕೆ 34 ಕಳೆದರೆ ಮಗನಿಗೆ ಉಳಿಯುವುದು 21 ದಿನ. ಜೂನ್‌ನಿಂದ ಈಚೆಗೆ ಜ್ವರದ ಕಾರಣ 9 ದಿನ ಗೈರಾಗಿದ್ದಲ್ಲಿ 12 ಮಾತ್ರ. ಪ್ರವಾಸವನ್ನು ಎರಡು ವಾರ ಮುಂದುವರಿಸಿದರೆ ಅದೂ ಮುಗಿಯಿತು. ಹತ್ತನೇ ತರಗತಿಯ ಪರೀಕ್ಷಾ ನೋಂದಣಿ ಕಾರ್ಯವೂ ಸಾಮಾನ್ಯವಾಗಿ ಇದೇ ತಿಂಗಳುಗಳಲ್ಲಿ ನಡೆಯುವುದರಿಂದ ಮಗನ ಪ್ರಯಾಣವನ್ನು ಮೊಟಕುಗೊಳಿಸುವುದು ಉಚಿತ. ಮಗಳಿಗೆ ಈ ತೊಡಕಿಲ್ಲ. ಆದರೆ ಆಕೆಯು ತಪ್ಪಿಸಿಕೊಳ್ಳುವ ರೂಪಣಾತ್ಮಕ ಮೌಲ್ಯಮಾಪನವನ್ನು ಯಾವಾಗ ನಡೆಸಲಾಗುವುದೆಂದು ಕೇಳಿ ತಿಳಿಯಬೇಕು.

ಮಲೆನಾಡಿನಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕಾಗುತ್ತದೆ. ಮಳೆಗಾಲದಲ್ಲಿ ಘೋಷಿಸಲಾಗುವ ಮಳೆ ರಜೆಗಳು ಗೈರಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವುಗಳನ್ನು ಸರಿದೂಗಿಸಲು ಮುಂದೆ ಶನಿವಾರ ಮಧ್ಯಾಹ್ನ ಅಥವಾ ರಜಾ ದಿನಗಳಲ್ಲಿ ತರಗತಿ ನಡೆಸಲಾಗುತ್ತದೆ. ಆಗುಂಬೆಯ ಆಸುಪಾಸಿನ ಶಾಲೆಗಳ ಪೋಷಕರಿಗೆ ಇದು ಹೊಸತಲ್ಲ. ಪ್ರವಾಸದ ಅವಧಿಯಲ್ಲಿ ಇಂತಹ ತರಗತಿಗಳಿದ್ದಲ್ಲಿ ಕ್ಯಾಲೆಂಡರ್ ನೋಡಿ ಮಾಡಿದ ಲೆಕ್ಕ ತಪ್ಪುತ್ತದೆ. ಆದಕಾರಣ ಟಿಕೆಟ್ ಕಾಯ್ದಿರಿಸುವ ಮುನ್ನವೇ ಮುಖ್ಯ ಶಿಕ್ಷಕರೊಂದಿಗೆ ಕುಳಿತು ದಿನಗಳನ್ನು ಎಣಿಸುವುದು ಕ್ಷೇಮಕರ.

ಪತ್ರವನ್ನು ಈ ಕೆಳಕಂಡಂತೆ ಬರೆಯಬಹುದು:

"ಮುಖ್ಯ ಶಿಕ್ಷಕರಿಗೆ,
ಮಾನ್ಯರೇ,
ವಿಷಯ: ವಿದೇಶ ಪ್ರವಾಸದ ನಿಮಿತ್ತ ಗೈರುಹಾಜರಿಯ ಬಗ್ಗೆ.
ತಮ್ಮ ಶಾಲೆಯ 7ನೇ ತರಗತಿಯಲ್ಲಿ ವ್ಯಾಸಂಗ ಮಾಡುತ್ತಿರುವ ನಮ್ಮ ಮಗಳು ........ (ಸ್ಯಾಟ್ಸ್ ಸಂಖ್ಯೆ ........) ದಿನಾಂಕ ........ ರಿಂದ ........ ರವರೆಗೆ ನಮ್ಮೊಂದಿಗೆ ........ ದೇಶಕ್ಕೆ ತೆರಳಲಿದ್ದು, ಒಟ್ಟು ........ ಶಾಲಾ ದಿನ ಗೈರಾಗುತ್ತಾಳೆ. ದಿನಾಂಕ ........ ರಂದು ಶಾಲೆಗೆ ಮರಳುತ್ತಾಳೆ. ಈ ಅವಧಿಯ ಪಾಠಗಳ ವಿವರ ನೀಡಿ, ತಪ್ಪುವ ಮೌಲ್ಯಮಾಪನವನ್ನು ಮರಳಿದ ನಂತರ ನಡೆಸಿಕೊಡಬೇಕಾಗಿ ಕೋರುತ್ತೇವೆ. ವಿದೇಶದಲ್ಲಿ ನಮ್ಮ ದೂರವಾಣಿ ಸಂಖ್ಯೆ: ........
ತಮ್ಮ ವಿಶ್ವಾಸಿಗಳು,
(ತಂದೆ ಮತ್ತು ತಾಯಿಯ ಸಹಿ)"

ಪತ್ರದ ಎರಡು ಪ್ರತಿಗಳನ್ನು ಸಿದ್ಧಪಡಿಸಿ, ಒಂದರ ಮೇಲೆ ದಿನಾಂಕ ಸಹಿತ ಶಾಲೆಯ ಮೊಹರು ಹಾಗೂ ಸ್ವೀಕೃತಿ ಪಡೆಯಬೇಕು. ತರಗತಿ ಶಿಕ್ಷಕರಿಗೆ ಬಾಯಿಮಾತಿನಲ್ಲಿ ತಿಳಿಸಿದರೆ ಸಾಲದು; ಅವರು ವರ್ಗಾವಣೆಗೊಂಡಲ್ಲಿ ಆ ಮಾತಿಗೆ ಯಾವ ದಾಖಲೆಯೂ ಉಳಿಯುವುದಿಲ್ಲ. ಪತ್ರವನ್ನು ಸ್ವೀಕರಿಸದಿದ್ದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ಪ್ರತಿಯನ್ನು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ನೀಡಬಹುದು. ಅನಾರೋಗ್ಯವೆಂದು ವೈದ್ಯಕೀಯ ಪ್ರಮಾಣಪತ್ರ ತರುವ ರೂಢಿ ಕೆಲವೆಡೆ ಇದೆ. ಇದು ಸರಿಯಲ್ಲ, ಪಾಸ್‌ಪೋರ್ಟ್‌ನಲ್ಲಿನ ಮೊಹರುಗಳೇ ಅದನ್ನು ಸುಳ್ಳಾಗಿಸುತ್ತವೆ.

ಕೆಲವು ದೇಶಗಳ ವೀಸಾ ಅರ್ಜಿಯೊಂದಿಗೆ ಶಾಲೆಯ ರಜೆ ಪತ್ರವನ್ನೂ ಕೇಳಲಾಗುತ್ತದೆ. ಅಂತಹ ಸಂದರ್ಭದಲ್ಲಿ ಮುಖ್ಯ ಶಿಕ್ಷಕರಿಂದ ಇಂಗ್ಲಿಷ್‌ನಲ್ಲಿ ಪ್ರತ್ಯೇಕ ಪತ್ರ ಕೋರಬೇಕು. ಅದರಲ್ಲಿನ ದಿನಾಂಕಗಳು ಟಿಕೆಟ್‌ನ ದಿನಾಂಕಗಳಿಗೆ ತಾಳೆಯಾಗಬೇಕು.

ಮರಳುವ ದಿನಾಂಕ ಬದಲಾದಲ್ಲಿ ಅಲ್ಲಿಂದಲೇ ಶಾಲೆಗೆ ತಿಳಿಸತಕ್ಕದ್ದು. ಮಗು ಮರಳಿ ಹಾಜರಾದ ದಿನ, ಮೊದಲಿನ ಸ್ವೀಕೃತಿಯ ನಕಲಿನೊಂದಿಗೆ ಎರಡು ಸಾಲಿನ ಪತ್ರ ನೀಡಿ ಹಾಜರಿ ಪುಸ್ತಕದಲ್ಲಿ ದಾಖಲು ಮಾಡಿಸಿಕೊಳ್ಳಬೇಕು.