ಹದಿನಾರು ಚುಕ್ಕೆಯೊಳಗೆ ಎರಡಕ್ಷರ

ಬ್ರೌಸರ್ ತೆರೆದಾಗ ಮೇಲಿನ ಟ್ಯಾಬಿನಲ್ಲಿ ಜಾಲತಾಣದ ಹೆಸರಿನ ಪಕ್ಕ ಒಂದು ಪುಟ್ಟ ಚಿತ್ರ ಕೂತಿರುತ್ತದೆ. ಅದರ ಮೂಲ ಅಳತೆ ಅಡ್ಡ 16 ಪಿಕ್ಸೆಲ್, ಉದ್ದ 16 ಪಿಕ್ಸೆಲ್. ಈಗಿನ ಒತ್ತಾದ ಪರದೆಗಳಲ್ಲಿ ಅದೇ ಜಾಗಕ್ಕೆ 32 ಪಿಕ್ಸೆಲ್ ಸಿಗುವುದುಂಟು. ಆದರೆ ಹಳೆಯ ಮಾನಿಟರಿನ ಮುಂದೆ ಕೂತ ಗಿರಾಕಿಗೆ ಕಾಣುವುದು ಹದಿನಾರೇ. ಅಂಗಡಿಯ ಹೆಸರಿನ ಎರಡು ಅಕ್ಷರ ಕೂಡಿಸಿ ಮಾಡುವ ಮೊನೊಗ್ರಾಮ್ ಲೋಗೊ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬೋರ್ಡಿನ ಮೇಲೆ ಚೆನ್ನಾಗಿ ಕಂಡದ್ದು ಟ್ಯಾಬಿಗೆ ಇಳಿದಾಗ ಬೂದು ಬಣ್ಣದ ಕಲೆಯಾಗುತ್ತದೆ.

ಈಗ ಸಣ್ಣ ವ್ಯಾಪಾರಿಗಳು ಲೋಗೊ ಬೇಕೆಂದರೆ ಚಿತ್ರ ತಯಾರಿಸುವ ಎಐ ತಂತ್ರಾಂಶಕ್ಕೆ ನಾಲ್ಕು ಸಾಲಿನ ಸೂಚನೆ, ಅಂದರೆ ಪ್ರಾಂಪ್ಟ್, ಬರೆದುಕೊಡುತ್ತಾರೆ. ಹೆಚ್ಚಿನವರು ಬರೆಯುವುದು ಇಷ್ಟೇ: ಇಂಥ ಎರಡು ಅಕ್ಷರದ ಸೊಗಸಾದ, ಶ್ರೀಮಂತವಾಗಿ ಕಾಣುವ ಮೊನೊಗ್ರಾಮ್ ಬೇಕು. ಬರುವ ಚಿತ್ರವೂ ಬಹುಮಟ್ಟಿಗೆ ಒಂದೇ ತೆರನದು. ಕೂದಲೆಳೆಯ ಗೆರೆಗಳು, ಒಂದರೊಳಗೊಂದು ಹೆಣೆದುಕೊಂಡ ಅಕ್ಷರಗಳು, ಸುತ್ತ ಬಳ್ಳಿಯ ಉಂಗುರ, ಮೇಲೊಂದು ಚಿನ್ನದ ಹೊಳಪು. ಇದರಲ್ಲಿ ತಂತ್ರಾಂಶದ ತಪ್ಪೇನಿಲ್ಲ. ಸೊಗಸು, ಐಶ್ವರ್ಯ ಎಂಬ ಮಾತುಗಳ ಜೊತೆ ಅದು ಕಲಿಕೆಯಲ್ಲಿ ನೋಡಿದ ಚಿತ್ರಗಳೆಲ್ಲ ಹಾಗೆಯೇ ಇದ್ದವು. ಮೊನೊಗ್ರಾಮ್ ಎಂಬ ಮಾತೇ ಮದುವೆ ಕಾರ್ಡಿನ ಅಲಂಕಾರವನ್ನು ಎಳೆದು ತರುತ್ತದೆ. ಸರಳವಾಗಿರಲಿ ಎಂದರೂ ಅಪಾಯವುಂಟು, ಏಕೆಂದರೆ ಈಚಿನ ಸರಳ ಲೋಗೊಗಳಲ್ಲಿ ತೆಳುಗೆರೆಯವೇ ಬಹಳ.

ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಹಾಸನದ ಕಡೆಯವರು ನಡೆಸುವ ಬೇಕರಿಗಳು ಬೀದಿ ಬೀದಿಯಲ್ಲಿವೆ. ಅಂಥದ್ದೊಂದು ಬೇಕರಿಯ ಹೆಸರಿನ ಮೊದಲಕ್ಷರಗಳು ಇಂಗ್ಲಿಷಿನ ಎಚ್ ಮತ್ತು ಬಿ ಎಂದಿಟ್ಟುಕೊಳ್ಳಿ. ಹದಿನಾರು ಪಿಕ್ಸೆಲ್‌ನಲ್ಲಿ ಎರಡು ಬದಿಗೆ ಒಂದೊಂದು ಬಿಟ್ಟರೆ ಉಳಿಯುವುದು 14. ಎರಡು ಅಕ್ಷರಗಳನ್ನು ಪಕ್ಕಪಕ್ಕ ನಿಲ್ಲಿಸಿ ನಡುವೆ ಎರಡು ಪಿಕ್ಸೆಲ್ ಅಂತರ ಕೊಟ್ಟರೆ ಒಂದೊಂದಕ್ಕೆ 6 ಸಿಗುತ್ತದೆ. ಗೆರೆಯ ದಪ್ಪ 2 ಎಂದರೆ ಎಡಗಂಬಕ್ಕೆ 2, ಬಲಗಂಬಕ್ಕೆ 2, ಅಕ್ಷರದ ಒಳಗಿನ ಖಾಲಿ ಜಾಗಕ್ಕೆ ಬರೀ 2. ಅಕ್ಷರದ ಒಳಗಿನ ಬಯಲೂ ಎರಡು ಅಕ್ಷರಗಳ ನಡುವಿನ ಬಯಲೂ ಒಂದೇ ಅಗಲವಾಯಿತು. ಎಲ್ಲಿ ಒಂದು ಅಕ್ಷರ ಮುಗಿದು ಇನ್ನೊಂದು ಶುರುವಾಯಿತೆಂದು ಕಣ್ಣಿಗೆ ತಿಳಿಯದೆ ನಾಲ್ಕು ಕಂಬಿಗಳ ಬೇಲಿ ಕಾಣುತ್ತದೆ.

ಹಾಗಾಗಿ ಎಚ್‌ನ ಬಲಗಂಬವನ್ನೇ ಬಿ ಅಕ್ಷರದ ಬೆನ್ನುಗೆರೆಯಾಗಿ ಮಾಡಬೇಕು. ಆಗ ನಿಂತ ಗೆರೆಗಳು ನಾಲ್ಕರ ಬದಲು ಮೂರಾಗುತ್ತವೆ, ಮೂರಕ್ಕೂ ಎರಡೆರಡು ಪಿಕ್ಸೆಲ್ ಕೊಟ್ಟರೆ ಒಟ್ಟು 6. ಮಿಕ್ಕ 8 ಪಿಕ್ಸೆಲ್ ಎರಡು ಬಯಲುಗಳಿಗೆ ನಾಲ್ಕು ನಾಲ್ಕರಂತೆ ಹಂಚಿಹೋಗುತ್ತದೆ. ಮೇಲಿಂದ ಕೆಳಕ್ಕೂ ಲೆಕ್ಕ ಇದೇ: ಬಿ ಅಕ್ಷರದ ಮೇಲಿನ ಗೆರೆ 2, ಹೊಟ್ಟೆ 4, ನಡುಗೆರೆ 2, ಕೆಳಗಿನ ಹೊಟ್ಟೆ 4, ತಳದ ಗೆರೆ 2. ಎಚ್‌ನ ಅಡ್ಡಪಟ್ಟಿ ಬಿ ಅಕ್ಷರದ ನಡುಗೆರೆಯ ಸಾಲಿನಲ್ಲೇ ಕೂರುತ್ತದೆ. ಗೆರೆ ಒಂದು ಪಾಲು, ಬಯಲು ಎರಡು ಪಾಲು ಎಂಬ ಒಂದೇ ಅನುಪಾತದಲ್ಲಿ ಇಡೀ ಗುರುತು ನಿಂತಿತು. ಎಲ್ಲ ಜೋಡಿಗಳೂ ಹೀಗೆ ಒದಗಿ ಬರುವುದಿಲ್ಲ. ಎಂ ಮತ್ತು ಡಬ್ಲ್ಯು ಜೊತೆಯಾದರೆ ಹದಿನಾರರಲ್ಲಿ ಎರಡನ್ನೂ ತುರುಕುವ ಹಟ ಬಿಟ್ಟು, ಟ್ಯಾಬಿಗೆ ಒಂದೇ ಅಕ್ಷರ ಇಡುವುದು ಜಾಣತನ.

ಸಣ್ಣದಾದಾಗ ಗೆರೆ ದಪ್ಪಗಿರಬೇಕು, ಬಯಲು ಅಗಲವಾಗಬೇಕು ಎಂಬುದು ಕಂಪ್ಯೂಟರಿನಿಂದ ಬಂದ ಜ್ಞಾನವಲ್ಲ. ಸೀಸದ ಮೊಳೆಗಳ ಕಾಲದಲ್ಲಿ ಪ್ರತಿ ಅಳತೆಗೂ ಅಚ್ಚನ್ನು ಬೇರೆಯಾಗಿ ಕೊರೆಯುತ್ತಿದ್ದರು, ಸಣ್ಣ ಅಳತೆಯ ಅಕ್ಷರಗಳನ್ನು ಕೊಂಚ ದಪ್ಪವಾಗಿ, ಸಡಿಲವಾಗಿ ಕೊರೆಯುತ್ತಿದ್ದರು. ಅಮೆರಿಕದ ಟೆಲಿಫೋನ್ ಡೈರೆಕ್ಟರಿಗಾಗಿ ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಬೆಲ್ ಸೆಂಟೆನಿಯಲ್ ಎಂಬ ಅಕ್ಷರ ಮಾಡಿದಾಗ, ಗೆರೆಗಳು ಕೂಡುವ ಮೂಲೆಗಳನ್ನು ಬೇಕೆಂದೇ ಕಚ್ಚಿ ತೆಗೆದರು. ಅಗ್ಗದ ಕಾಗದದಲ್ಲಿ ಶಾಯಿ ಹರಡಿದಾಗ ಆ ಖಾಲಿ ಮೂಲೆ ತುಂಬಿ ಅಕ್ಷರ ಸರಿಯಾಗಿ ಕಾಣುತ್ತಿತ್ತು. ಅದೇ ಕಾರ್ಟರ್ 1996ರಲ್ಲಿ ಬಂದ ವರ್ಡಾನಾ ಅಕ್ಷರವನ್ನು ಪರದೆಗೆಂದು ಮಾಡಿದಾಗ ಪಕ್ಕದ ಅಕ್ಷರಗಳು ಒಂದಕ್ಕೊಂದು ತಾಗದಂತೆ ಅಂತರವನ್ನು ಧಾರಾಳವಾಗಿ ಇಟ್ಟರು.

ಇನ್ನು ಪ್ರಾಂಪ್ಟ್. ಚಿತ್ರ ತಯಾರಿಸುವ ತಂತ್ರಾಂಶದ ಕೈಯಲ್ಲಿ ಅಳತೆಪಟ್ಟಿ ಇಲ್ಲ. ಗೆರೆ 128 ಪಿಕ್ಸೆಲ್ ಇರಲಿ ಎಂದು ಬರೆದರೆ ಅದು ಆ ಅಂಕಿಯನ್ನು ಅಳೆಯುವುದಿಲ್ಲ, ಇನ್ನೊಂದು ಪದದಂತೆ ಓದಿಕೊಳ್ಳುತ್ತದೆ. ಅನುಪಾತವನ್ನು ಮಾತಿನಲ್ಲಿ ಹೇಳಿದರೆ ಅಷ್ಟಿಷ್ಟು ಹಿಡಿಯುತ್ತದೆ: ಒಳಗಿನ ಬಯಲು ಗೆರೆಯ ಎರಡರಷ್ಟು ಅಗಲ. ಇನ್ನೊಂದು ಮೋಜಿನ ಎಡವಟ್ಟು ನೋಡಿ. 16 ಪಿಕ್ಸೆಲ್‌ನಲ್ಲೂ ಓದುವಂತಿರಲಿ ಎಂದು ಬರೆದರೆ ಹಳೆಯ ವಿಡಿಯೊ ಗೇಮಿನ ಹಾಗೆ ಮೆಟ್ಟಿಲು ಮೆಟ್ಟಿಲಾದ ಚಿತ್ರವೋ, ಒಂದೇ ಲೋಗೊದ ಆರೇಳು ಅಳತೆ ಜೋಡಿಸಿದ ಹಾಳೆಯೋ ಬರಬಹುದು. ಸಣ್ಣ ಎಂಬ ಮಾತಿಗೆ ಖಾಲಿ ಹಾಳೆಯ ನಡುವೆ ಪುಟ್ಟ ಗುರುತು ಬರಬಹುದು. ಓದಲು ಬರಬೇಕು ಎಂಬುದು ನಮ್ಮ ಗುರಿ, ಅದಕ್ಕೆ ಕಾರಣವಾಗುವ ಆಕಾರವನ್ನು ಪ್ರಾಂಪ್ಟ್ ಹೇಳಬೇಕು. ನೆರಳು ಬೇಡ, ಹೊಳಪು ಬೇಡ ಎಂಬ ನಿಷೇಧಗಳೂ ಕೆಲವೊಮ್ಮೆ ತಿರುಗಿಬೀಳುತ್ತವೆ, ನೆರಳು ಎಂಬ ಪದವೇ ನೆರಳನ್ನು ಕರೆಯುತ್ತದೆ. ಬಿಳಿಯ ಮೇಲೆ ಗಟ್ಟಿ ಕಪ್ಪು ಎಂದು ಬೇಕಾದ್ದನ್ನೇ ಹೇಳುವುದು ಮೇಲು.

ಈ ತಂತ್ರಾಂಶಗಳ ಕಲಿಕೆಯಲ್ಲಿ ಇಂಗ್ಲಿಷ್ ವಿವರಣೆಗಳೇ ಹೆಚ್ಚಾದ್ದರಿಂದ ಸೂಚನೆಯನ್ನು ಇಂಗ್ಲಿಷಿನಲ್ಲಿ ಕೊಡುವುದು ವಾಸಿ. ನಮ್ಮ ಬೇಕರಿಯ ಪ್ರಾಂಪ್ಟ್ ಹೀಗಿರಬಹುದು:

```
Flat logo mark: capital letters H and B sharing one vertical stem.
Thick geometric sans-serif, every stroke the same weight.
Open spaces inside the letters are twice as wide as the strokes.
Crossbar of H level with the middle bar of B.
Solid black on plain white, front view, one mark, fills the frame.
```

ಮೊದಲ ಸಾಲಿನಲ್ಲಿ ಮೊನೊಗ್ರಾಮ್ ಎಂಬ ಪದ ಬೇಕೆಂದೇ ಇಲ್ಲ, ಅದರ ಬದಲು ಎರಡು ಅಕ್ಷರ ಎಲ್ಲಿ ಕೂಡುತ್ತವೆ ಎಂಬುದಿದೆ. ಹೆಣೆದುಕೊಂಡ ಅಕ್ಷರ ಎಂದಿದ್ದರೆ ಗಂಟು ಬರುತ್ತಿತ್ತು. ಎರಡನೆಯದು ಗೆರೆಯ ದಪ್ಪಕ್ಕೆ, ಮೂರನೆಯದು ಅಂತರಕ್ಕೆ. ಕೊನೆಯ ಸಾಲಿಲ್ಲದಿದ್ದರೆ ಗೋಡೆಯ ಮೇಲೋ ವಿಸಿಟಿಂಗ್ ಕಾರ್ಡಿನ ಮೇಲೋ ಓರೆಯಾಗಿ ಅಚ್ಚಾದ ಲೋಗೊದ ಫೋಟೊ ಬರುವ ಸಂಭವ ಹೆಚ್ಚು.

ಬಂದ ಚಿತ್ರವನ್ನು ದೊಡ್ಡದಾಗಿ ನೋಡಿ ಮೆಚ್ಚಿಕೊಳ್ಳುವ ಮುಂಚೆ ಕುಗ್ಗಿಸಿ ನೋಡಬೇಕು. 1024 ಪಿಕ್ಸೆಲ್ ಅಗಲದ ಚಿತ್ರ 16ಕ್ಕೆ ಇಳಿದಾಗ ಮೂಲದ 64 ಪಿಕ್ಸೆಲ್ ಸೇರಿ ಒಂದಾಗುತ್ತವೆ. ಆದ್ದರಿಂದ ಮೂಲದಲ್ಲಿ 128 ದಪ್ಪವಿದ್ದ ಗೆರೆ ಎರಡು ಪಿಕ್ಸೆಲ್ ಆಗಿ ಚೊಕ್ಕವಾಗಿ ಕೂರುತ್ತದೆ. 100 ದಪ್ಪವಿದ್ದರೆ ಒಂದೂವರೆಯ ಆಸುಪಾಸು ಬರುತ್ತದೆ. ಅರ್ಧ ಪಿಕ್ಸೆಲ್ ಎಂಬುದು ಪರದೆಯಲ್ಲಿ ಇಲ್ಲ, ಅದು ಬೂದು ಬಣ್ಣವಾಗಿ ಅಂಚಿನಲ್ಲಿ ಹರಡುತ್ತದೆ. ಗೆರೆ 64ಕ್ಕಿಂತ ಕಡಿಮೆಯಿದ್ದರೆ ಅಪ್ಪಟ ಕಪ್ಪು ಎಂಬುದೇ ಉಳಿಯುವುದಿಲ್ಲ. ಯಾವುದಾದರೂ ಚಿತ್ರ ತಿದ್ದುವ ತಂತ್ರಾಂಶದಲ್ಲಿ 16ಕ್ಕೆ ಇಳಿಸಿ, ಆಮೇಲೆ ಅದನ್ನೇ ಹಿಗ್ಗಿಸಿ ನೋಡಿದರೆ ಯಾವ ಚೌಕ ಕಪ್ಪು, ಯಾವುದು ಬೂದು ಎಂದು ಎಣಿಸಬಹುದು.

ಎಚ್‌-ಬಿ ಜೋಡಿ ಕೆಡುವ ದಾರಿಗಳು ಎರಡು. ಎಚ್‌ನ ಅಡ್ಡಪಟ್ಟಿ ತೆಳುವಾದರೆ ಕುಗ್ಗಿದಾಗ ಅಳಿಸಿಹೋಗಿ, ಎಡಗಂಬ ಒಂಟಿಯಾಗಿ ನಿಂತು ಒಂದು ಎಂಬ ಅಂಕಿಯಾಗುತ್ತದೆ. ಬಿ ಅಕ್ಷರದ ಬೆನ್ನು ದುಂಡಗಾದರೆ ಅದು ಎಂಟಾಗುತ್ತದೆ. ಎರಡೂ ಒಟ್ಟಿಗೆ ಆದರೆ ಬೇಕರಿಯ ಹೆಸರು ಹೋಗಿ ಹದಿನೆಂಟು ಉಳಿಯುತ್ತದೆ. ಇದರ ತಿರುಗುಮುರುಗು ದೋಷವೂ ಇದೆ: ಬಿ ಅಕ್ಷರದ ಬಲಬದಿ ಪೂರ್ತಿ ನೇರವಾಗಿಬಿಟ್ಟರೆ ಅದು ಕಿಟಕಿ ಚೌಕಟ್ಟಿನ ಹಾಗೆ ಕಾಣುತ್ತದೆ. ನಡುಗೆರೆ ಬಲಕ್ಕೆ ಮುಟ್ಟುವಲ್ಲಿ ಹೊರಗಿನ ಒಂದು ಸಾಲು ಪಿಕ್ಸೆಲ್ ಕಚ್ಚಿ ತೆಗೆದು, ಬಲದ ಎರಡು ಮೂಲೆಗಳಲ್ಲೂ ಒಂದೊಂದು ತೆಗೆದರೆ ಸೊಂಟ ಮೂಡಿ ಅಕ್ಷರ ಗುರುತು ಸಿಗುತ್ತದೆ. ಪರೀಕ್ಷೆಗೆ ಹೆಸರು ಗೊತ್ತಿಲ್ಲದವರೇ ಬೇಕು. ಚೆನ್ನಾಗಿದೆಯಾ ಎಂದು ಕೇಳಬೇಡಿ, ಏನು ಬರೆದಿದೆ ಎಂದು ಕೇಳಿ.

ಬಿಲ್ಲಿನ ಕಾಗದವೂ ಇಂಥದೇ ಪರೀಕ್ಷೆ. ಅಂಗಡಿಗಳ ಥರ್ಮಲ್ ಪ್ರಿಂಟರುಗಳಲ್ಲಿ ಹೆಚ್ಚಿನವು ಒಂದು ಮಿಲಿಮೀಟರಿಗೆ 8 ಚುಕ್ಕೆ ಮೂಡಿಸುತ್ತವೆ, ಅರ್ಧಬಣ್ಣ ಅವಕ್ಕೆ ಗೊತ್ತಿಲ್ಲ. 4 ಮಿಲಿಮೀಟರಿನ ಗುರುತಿಗೆ ಸಿಗುವುದು 32 ಚುಕ್ಕೆ, ನಮ್ಮ ಗೆರೆಗೆ 4. ಚಿನ್ನದ ಹೊಳಪಿನ ಲೋಗೊ ಇಲ್ಲಿ ಮರಳು ಚೆಲ್ಲಿದಂತೆ ಬರುತ್ತದೆ, ಗಟ್ಟಿ ಕಪ್ಪಿನದು ಹಾಗೇ ನಿಲ್ಲುತ್ತದೆ.

ಕನ್ನಡ ಅಕ್ಷರವೇ ಬೇಕೆಂದರೆ? ಬೇಕು ಎನ್ನುವುದು ನನ್ನ ಅಭಿಪ್ರಾಯ, ಆದರೆ ಬರೀ ಮಾತಿನ ಪ್ರಾಂಪ್ಟಿಗೆ ಈ ಕೆಲಸ ಒಪ್ಪಿಸಬಾರದು. ಕನ್ನಡದಂತೆ ಕಾಣುವ, ಕನ್ನಡವಲ್ಲದ ಸುರುಳಿಗಳನ್ನು ಈ ತಂತ್ರಾಂಶಗಳು ಸಲೀಸಾಗಿ ಬರೆದುಬಿಡುತ್ತವೆ. ಬಲೂ ತಮ್ಮ ಎಂಬ ದಪ್ಪನೆಯ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಅಕ್ಷರ ಟೈಪಿಸಿ, ಆ ಚಿತ್ರವನ್ನು ಮಾದರಿಯಾಗಿ ಕೊಟ್ಟು, ಜೋಡಣೆಯ ವಿಚಾರವನ್ನಷ್ಟೇ ಪ್ರಾಂಪ್ಟಿನಲ್ಲಿ ಹೇಳಬಹುದು. ಸಣ್ಣ ಅಳತೆಯಲ್ಲಿ ನಮ್ಮ ಲಿಪಿಗೆ ತನ್ನದೇ ತೊಡಕಿದೆ. ಪ ಮತ್ತು ಫ, ದ ಮತ್ತು ಧ ಬೇರೆಯಾಗುವುದು ಹೊಟ್ಟೆ ಸೀಳುವ ಒಂದು ಚಿಕ್ಕ ಗೀಟಿನಿಂದ. ಠ ಅಕ್ಷರದ ಗುಟ್ಟೆಲ್ಲ ಒಳಗಿನ ಚುಕ್ಕೆಯಲ್ಲಿದೆ. ಹದಿನಾರು ಪಿಕ್ಸೆಲ್‌ನಲ್ಲಿ ಮೊದಲು ಮಾಯವಾಗುವುದು ಇವೇ. ಹೆಸರು ಧ ಅಕ್ಷರದಿಂದ ಶುರುವಾಗುವುದಾದರೆ ಆ ಸೀಳನ್ನು ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಬಿಡಿಸಬೇಕು. ಒತ್ತಕ್ಷರವಿದ್ದರೆ ಅದನ್ನು ಲೋಗೊದಿಂದ ಬಿಡುವುದೇ ಒಳ್ಳೆಯದು, ಏಕೆಂದರೆ ಕೆಳಗಿಳಿದ ಒತ್ತು ಮುಖ್ಯ ಅಕ್ಷರದ ಎತ್ತರದಲ್ಲಿ ಪಾಲು ಕೇಳುತ್ತದೆ.

ಆಕಾರದ ಕಲ್ಪನೆ ಸರಿಬಂದ ಕೂಡಲೇ ಪ್ರಾಂಪ್ಟ್ ತಿದ್ದುವುದನ್ನು ನಿಲ್ಲಿಸಬೇಕು. ಗೆರೆಗಳನ್ನು ಸರಿಸಮ ಮಾಡಲು ಇಪ್ಪತ್ತು ಸಲ ಮಾತು ಬದಲಿಸುವುದಕ್ಕಿಂತ, ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ 16 ಚೌಕದ ಜಾಲ ಹಾಕಿ, ಬಂದ ಚಿತ್ರವನ್ನು ಕೆಳಗಿಟ್ಟು ಮೇಲೆ ಹೊಸದಾಗಿ ಬಿಡಿಸುವುದು ಬೇಗ ಆಗುತ್ತದೆ. ಚಿತ್ರವನ್ನು ತಾನಾಗಿ ಗೆರೆಗೆ ತಿರುಗಿಸುವ ಸೌಲಭ್ಯ ಅದರಲ್ಲಿ ಇದ್ದರೂ, ಅದು ಮೂಲದ ಡೊಂಕನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ.

ಅಚ್ಚಿಗೆ ಕಳಿಸುವ ಮುನ್ನ ಒಂದು ಕೆಲಸ ಬಾಕಿ. ಎರಡಕ್ಷರದ ಜೋಡಿಗಳನ್ನು ಮೊದಲೇ ಬಳಸುತ್ತಿರುವವರು ಇದ್ದೇ ಇರುತ್ತಾರೆ, ತಂತ್ರಾಂಶವೂ ತಾನು ನೋಡಿದ ಲೋಗೊವೊಂದನ್ನು ಹೋಲುವ ಚಿತ್ರವನ್ನು ಕೊಟ್ಟಿರಬಹುದು. ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಬ್ರೆಡ್ಡು, ಬಿಸ್ಕತ್ತುಗಳು ಬರುವುದು 30ನೇ ವರ್ಗದಲ್ಲಿ. ಬೋರ್ಡು ಬರೆಸುವ ಮೊದಲು ಅಲ್ಲಿ ಒಮ್ಮೆ ನೋಡಿಕೊಳ್ಳಿ.